ಇನ್ನೂರ ನಲವತ್ತನೇ ನಂಬರಿನ ಟಿವಿ

ಇದನ್ನು ಬರೆಯದೆ ಒಂದೂವರೆ ವರ್ಷ ತಳ್ಳಿದ್ದೇನೆ. ಮೊದಲು ಕಣ್ಣಿನ ಆಪರೇಷನ್ ನೆಪವಾಯಿತು, ಆಮೇಲೆ ಮೊಮ್ಮಗಳ ನಾಮಕರಣ. ನಿಜವಾದ ಕಾರಣ ನಾಚಿಕೆ. ಬರೆದರೆ ನಾನು ಎಂಥವನೆಂದು ತಿಳಿದುಹೋಗುತ್ತದೆ. ಬರೆಯದಿದ್ದರೆ ಆ ಹೆಣ್ಣುಮಗಳು ಎಂಥ ಕೆಲಸಗಾರ್ತಿ ಎನ್ನುವುದು ಯಾರಿಗೂ ತಿಳಿಯುವುದಿಲ್ಲ.

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ದುಡಿದದ್ದೆಲ್ಲ ಕಾರ್ಖಾನೆಗಳ ಸ್ಟೋರಿನಲ್ಲಿ, ಕೊನೆಗೆ ಬದನಗುಪ್ಪೆಯಲ್ಲಿ. ಚಾಮರಾಜನಗರದ ಮನೆಯಲ್ಲಿ ಕೆಳಗೆ ನಾನು ಮತ್ತು ನನ್ನ ಹೆಂಡತಿ, ಮಹಡಿ ಮೇಲೆ ತಮ್ಮನ ಸಂಸಾರ. ಎರಡು ಮನೆಗೂ ಒಂದೇ ವೈಫೈ. ಹೆಂಡತಿಗೆ ಮಂಡಿ ನೋವು ಬಂದು ಮಠಕ್ಕೆ ಹೋಗುವುದು ನಿಂತಾಗ, ಸೋಮವಾರದ ಪ್ರವಚನವನ್ನು ಟಿವಿಯಲ್ಲೇ ನೇರಪ್ರಸಾರದಲ್ಲಿ ನೋಡುವ ಅಭ್ಯಾಸ ಮಾಡಿಕೊಂಡಳು. ಆ ಟಿವಿ ಕೈಕೊಡತೊಡಗಿತು. ವೈಫೈ ಸಿಕ್ಕಿದೆ ಎಂದು ತೋರಿಸುತ್ತಿತ್ತು, ಆದರೆ ಚಾನಲ್ ತೆರೆದರೆ ಚಕ್ರ ಸುತ್ತುತ್ತಿತ್ತು. ಕೊನೆಗೆ ಇಂಟರ್‌ನೆಟ್ ಇಲ್ಲ ಎನ್ನುತ್ತಿತ್ತು.

ಇಂಟರ್‌ನೆಟ್ ಆಫೀಸಿಗೆ ಫೋನ್ ಮಾಡಿದೆ. ಸ್ಕೂಟರಿನಲ್ಲಿ ಬಂದವಳು ಇಪ್ಪತ್ತೈದರ ಆಸುಪಾಸಿನ ಹೆಣ್ಣುಮಗಳು. ಬಾಗಿಲಲ್ಲೇ ಕೇಳಿದೆ.

‘ಗಂಡುಸ್ರು ಯಾರೂ ಇರ್ನಿಲ್ವಾ?’

‘ಅವ್ರೆ ಅಪ್ಪಾಜಿ. ಅವ್ರು ಬಂದ್ರೂ ಇದೇ ಟಿವಿನೇ ನೋಡ್ಬೇಕು’ ಎಂದು ಚಪ್ಪಲಿ ಬಿಟ್ಟು ಒಳಗೆ ಬಂದಳು.

ನನ್ನ ಹೆಂಡತಿಗೆ ನಗು ಬಂತು. ಆಕೆಯನ್ನು ಕೂರಿಸಿ, ಊರು ಕೇರಿ ವಿಚಾರಿಸಿದಳು. ಬೇಗೂರು, ಅಪ್ಪ ಅವ್ವ ಕೂಲಿಗೆ ಹೋಗುತ್ತಾರೆ, ಐಟಿಐ ಓದಿದ್ದಾಳೆ. ಆಫೀಸಿನಲ್ಲಿ ಫೀಲ್ಡ್ ಕೆಲಸಕ್ಕೆ ಬಂದ ಮೊದಲ ಹೆಂಗಸು.

‘ಈ ತಿಂಗ್ಳು ಪರೀಕ್ಷೆ ತಿಂಗ್ಳು ಕಣಮ್ಮ. ಒಂದೂ ಕಂಪ್ಲೇಂಟ್ ಬರ್ನಿಲ್ಲ ಅಂದ್ರೆ ಫೀಲ್ಡ್‌ಗೆ ಖಾಯಂ. ಬಂದ್ರೆ ಗುಂಡ್ಲುಪೇಟೆ ಆಫೀಸಲ್ಲಿ ಫೋನ್ ಎತ್ಕಂಡು ಕೂತ್ಕಬೇಕು.’

‘ಕೂತ್ಕಂಡು ಮಾಡೋ ಕೆಲ್ಸ ಒಳ್ಳೇದಲ್ವಮ್ಮಿ?’

‘ನಂಗೆ ಕೂತ್ರೆ ನಿದ್ದೆ ಬತ್ತದೆ’ ಎಂದಳು. ಮಾತಾಡುತ್ತಲೇ ರಿಮೋಟು ಒತ್ತುತ್ತಿದ್ದಳು.

ಆಕೆ ಕೆಲಸ ಮಾಡಿದ ಬಗೆಯನ್ನು ಈಗಲೂ ನೆನೆಯುತ್ತೇನೆ. ಮೊದಲು ತನ್ನ ಫೋನಿನಲ್ಲಿ ರೂಟರ್ ಒಳಗೆ ಹೋಗಿ ನೋಡಿದಳು. ಆಮೇಲೆ ನನಗೆ ತಿಳಿಯುವ ಹಾಗೆ ಹೇಳಿದಳು. ಟಿವಿಗೆ ಗೊತ್ತಿರುವುದು ಚಾನಲಿನ ಹೆಸರು ಮಾತ್ರ. ಆ ಹೆಸರಿನವರು ಎಲ್ಲಿದ್ದಾರೆ ಎಂದು ಪ್ರತಿ ಸಲವೂ ಒಬ್ಬರನ್ನು ಕೇಳಬೇಕು. ಹಾಗೆ ಹೇಳುವವರಿಗೆ ಡಿಎನ್ಎಸ್ ಎನ್ನುತ್ತಾರೆ.

‘ಈಗ ಕೇಳ್ತಾ ಇರೋನು ಒಂದೊಂದ್ ಸಲ ಮಾತೇ ಆಡಲ್ಲ ಅಪ್ಪಾಜಿ. ಬೇರೆಯೋನ್ನ ಕೇಳು ಅಂತ ಟಿವಿಗೆ ಹೇಳ್ಬುಡ್ತೀನಿ.’

‘ಆಗ ಸ್ಪೀಡ್ ಜಾಸ್ತಿ ಆಯ್ತದಾ?’

‘ಇಲ್ಲ. ಸುಳ್ಳು ಯಾಕೇಳನ? ಸ್ಪೀಡ್ ಅಷ್ಟೇ ಇರ್ತದೆ. ಹುಡುಕಕ್ಕೋಗಿ ನಿಂತೋಯ್ತದಲ್ಲ, ಅದು ತಪ್ತದೆ.’

ನಮ್ಮ ಟಿವಿಯಲ್ಲಿ ಡಿಎನ್ಎಸ್ ಒಂದನ್ನೇ ಬದಲಿಸಲು ಬರುತ್ತಿರಲಿಲ್ಲ. ಟಿವಿಯ ಐಪಿ ವಿಳಾಸವನ್ನೂ, ಅಂದರೆ ವೈಫೈಯಲ್ಲಿ ಅದನ್ನು ಗುರುತಿಸುವ ನಂಬರನ್ನೂ, ಕೈಯಾರೆ ಕೊಡಬೇಕಿತ್ತು. ರೂಟರ್ ತಾನಾಗಿ ಎರಡರಿಂದ ಇನ್ನೂರರವರೆಗಿನ ನಂಬರುಗಳನ್ನು ಮನೆಯ ಫೋನುಗಳಿಗೆಲ್ಲ ಹಂಚುತ್ತದೆಯಂತೆ. ಅದು ಮುಟ್ಟದ ನಂಬರು ಬೇಕೆಂದು ಆಕೆ ಟಿವಿಗೆ ಕೊನೆಯಲ್ಲಿ ಇನ್ನೂರ ನಲವತ್ತು ಬರುವ ವಿಳಾಸ ಕೊಟ್ಟಳು. ರೂಟರಿನ ವಿಳಾಸ, ಎರಡು ಡಿಎನ್ಎಸ್ ನಂಬರು, ಎಲ್ಲವನ್ನೂ ತುಂಬಿಸಿದಳು. ಟಿವಿಯನ್ನು ಮೂರು ಸಲ ಆರಿಸಿ ಹಾಕಿದಳು. ರೂಟರಿನ ವಯರು ಕಿತ್ತು, ಕಾದು, ಮತ್ತೆ ಹಾಕಿ ನೋಡಿದಳು. ಕಾಫಿ ಆರಿಹೋದರೂ ಕುಡಿಯಲಿಲ್ಲ. ಮೂವತ್ತು ವರ್ಷದ ಸ್ಟೋರ್ ಕೆಲಸದಲ್ಲಿ, ಮುಗಿದ ಕೆಲಸವನ್ನು ಹೀಗೆ ಅನುಮಾನಪಟ್ಟು ನೋಡುವವರನ್ನು ನಾನು ಕಂಡದ್ದು ಕಡಿಮೆ. ಹೊರಡುವಾಗ ಕ್ಯಾಲೆಂಡರಿನ ಹಿಂದೆ ಎಲ್ಲ ನಂಬರುಗಳನ್ನೂ ಗುಂಡಗೆ ಬರೆದುಕೊಟ್ಟಳು.

ಆ ಸೋಮವಾರ ಪ್ರವಚನ ಒಮ್ಮೆಯೂ ನಿಲ್ಲಲಿಲ್ಲ. ಮುಂದಿನ ಸೋಮವಾರವೂ ಅಷ್ಟೆ.

ಅಷ್ಟರಲ್ಲಿ ತಮ್ಮ ಹೊಸ ಟಿವಿ ತಂದ. ನಮ್ಮ ಟಿವಿಯ ಕಂಪನಿಯದೇ. ಅದೂ ತೆರೆಯಲು ತಡ ಮಾಡುತ್ತಿತ್ತು. ನಾನು ಕ್ಯಾಲೆಂಡರ್ ಹಿಡಿದು ಮಹಡಿ ಹತ್ತಿದೆ. ಸ್ಟೋರಿನಲ್ಲಿ ನನ್ನ ತಲೆಗೆ ಹೊಕ್ಕಿದ್ದು ಒಂದೇ ಪಾಠ. ಒಂದೇ ಬಗೆಯ ಸಾಮಾನಿಗೆ ಒಂದೇ ನಂಬರು. ನೂರು ಬೇರಿಂಗ್ ಇದ್ದರೂ ನಂಬರು ಒಂದೇ, ಬದಲಾದರೆ ತಪ್ಪು. ಒಂದೇ ಕಂಪನಿಯ ಟಿವಿ, ಒಂದೇ ವೈಫೈ. ಒಂದು ಅಂಕಿಯೂ ಬಿಡದೆ ಹಾಗೆಯೇ ತುಂಬಿಸಿದೆ. ತಕ್ಷಣ ಓಡಿತು. ಆಗ ಕೆಳಗಿನ ಟಿವಿ ಆರಿತ್ತು ಎನ್ನುವುದು ನನಗೆ ಹೊಳೆಯಲಿಲ್ಲ.

‘ಏನಣ್ಣ, ಇಂಜಿನಿಯರ್ ಆಗ್ಬುಟ್ಟಲ್ಲ’ ಎಂದ ತಮ್ಮ. ನಾನು ಮೀಸೆ ಸವರಿಕೊಂಡೆ.

ಸೋಮವಾರ ಮೇಲೆ ಕ್ರಿಕೆಟ್, ಕೆಳಗೆ ಪ್ರವಚನ. ಎರಡೂ ತಡೆದು ತಡೆದು ನಿಲ್ಲತೊಡಗಿದವು. ಹೆಂಡತಿ ಕಣ್ಣು ಮುಚ್ಚಿ ಕುಳಿತುಬಿಟ್ಟಳು. ಮಾರನೆಯ ಬೆಳಿಗ್ಗೆ ನಾನು ಸೀದಾ ಆಫೀಸಿಗೆ ಹೋದೆ. ನಾಲ್ಕಾರು ಗ್ರಾಹಕರಿದ್ದರು, ಮ್ಯಾನೇಜರ್ ಇದ್ದರು, ಮೂಲೆಯಲ್ಲಿ ಕೇಬಲ್ ಸುತ್ತುತ್ತ ಆಕೆಯೂ ಇದ್ದಳು.

‘ಟಿವಿ ಮತ್ತೆ ನಿಂತೋಯ್ತಾ ಅದೆ. ಕೆಲ್ಸ ಕಲೀಲಿ ಅಂತ ಈ ಹುಡ್ಗೀನ ನಮ್ಮನೆಗೆ ಕಳುಸ್ತೀರಾ? ಇನ್ಮೇಲೆ ಗಂಡುಸ್ರನ್ನ ಕಳ್ಸಿ’ ಎಂದೆ.

ಆಕೆ ಕೇಬಲ್ ಕೆಳಗಿಟ್ಟು ಹತ್ತಿರ ಬಂದಳು. ಸಿಟ್ಟಿರಲಿಲ್ಲ.

‘ಅಪ್ಪಾಜಿ, ನಾ ಬರ್ಕೊಟ್ಟ ನಂಬರ್‌ನ ಇನ್ನೊಂದು ಟಿವಿಗೆ ಏನಾದ್ರೂ ಆಕಿದ್ರಾ? ಇಬ್ರಿಗೆ ಒಂದೇ ವಿಳಾಸ ಆದ್ರೆ ಇಬ್ರೂ ನಿಂತೋಯ್ತಾರೆ.’

ಮನೆ ನೋಡದೆ, ಟಿವಿ ಮುಟ್ಟದೆ, ನಿಂತ ಜಾಗದಲ್ಲೇ ರೋಗ ಹೇಳಿಬಿಟ್ಟಳು. ಆ ಕ್ಷಣ ನನಗೆ ಎಲ್ಲವೂ ಅರ್ಥವಾಯಿತು. ಆಕೆಯ ತಿಂಗಳು ಮುಗಿಯಲು ಇನ್ನೊಂದು ವಾರವಿದೆ ಎನ್ನುವುದೂ ನೆನಪಿತ್ತು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು.

‘ಇಲ್ಲ’ ಎಂದೆ.

‘ಆಯ್ತು’ ಎಂದಳು. ಮತ್ತೆ ಮೂಲೆಗೆ ಹೋಗಿ ಕೇಬಲ್ ಎತ್ತಿಕೊಂಡಳು. ಮ್ಯಾನೇಜರ್ ದೂರು ಬರೆದುಕೊಂಡರು.

ಮನೆಗೆ ಬಂದವನು ಮೊದಲು ಮಹಡಿ ಹತ್ತಿ ತಮ್ಮನ ಟಿವಿಯನ್ನು ಮೊದಲಿನಂತೆ ಆಟೋಮ್ಯಾಟಿಕ್‌ಗೆ ತಿರುಗಿಸಿದೆ. ರೂಟರ್ ಅದಕ್ಕೊಂದು ಬೇರೆ ನಂಬರು ಕೊಟ್ಟಿತು. ಎರಡೂ ಟಿವಿಗಳು ಒಟ್ಟಿಗೆ ಓಡಿದವು. ಮ್ಯಾನೇಜರಿಗೆ ಫೋನ್ ಮಾಡಿ ನಿಜ ಹೇಳಬಹುದಿತ್ತು, ಅವರ ನಂಬರು ನನ್ನ ಬಳಿಯೇ ಇತ್ತು. ಮಾಡಲಿಲ್ಲ. ಊಟದ ಮೇಲೆ ಮಾಡೋಣ ಎಂದುಕೊಂಡೆ, ನಾಳೆ ಎಂದುಕೊಂಡೆ. ವಾರ ಕಳೆಯಿತು. ಆಫೀಸಿನಿಂದ ವಿಚಾರಿಸಲು ಬಂದ ಹುಡುಗನ ಬಾಯಲ್ಲಿ, ಆಕೆಯನ್ನು ಗುಂಡ್ಲುಪೇಟೆಗೆ ಹಾಕಿದರು ಎಂದು ಕೇಳಿದೆ. ಅವನು ಟಿವಿಯ ಸೆಟ್ಟಿಂಗ್ ನೋಡಿ, ‘ಇದ್ರಲ್ಲಿ ತಪ್ಪೇನೂ ಇಲ್ವಲ್ಲ ಸಾರ್, ಚೆನ್ನಾಗಿ ಮಾಡವ್ರೆ’ ಎಂದ. ಅವನಿಗೂ ನಾನು ನಿಜ ಹೇಳಲಿಲ್ಲ.

ಆರು ತಿಂಗಳ ನಂತರ ಸಂಬಂಧಿಕರ ಗೃಹಪ್ರವೇಶಕ್ಕೆ ಗುಂಡ್ಲುಪೇಟೆಗೆ ಹೋದವನು ಧೈರ್ಯ ಮಾಡಿ ಆ ಆಫೀಸಿಗೆ ಹೋದೆ. ಆಕೆ ಕಿವಿಗೆ ಫೋನಿಟ್ಟುಕೊಂಡು ಪುಣಜನೂರಿನ ಯಾರಿಗೋ ರಿಮೋಟಿನ ಒಂದೊಂದೇ ಗುಂಡಿ ಹೇಳಿಕೊಡುತ್ತಿದ್ದಳು. ಕಾಣದ ಟಿವಿಯ ಪರದೆಯನ್ನು ಕಣ್ಣ ಮುಂದೆ ಇಟ್ಟುಕೊಂಡವಳಂತೆ, ‘ಈಗ ಕೆಳಗಿಂದ ಎರಡನೇದು ಒತ್ತಿ ಮಾವ, ಅವಸ್ರ ಬ್ಯಾಡಿ’ ಎನ್ನುತ್ತಿದ್ದಳು. ಆ ಕಡೆಯವರ ಟಿವಿ ಓಡಿತೆಂದು ಆಕೆಯ ಮುಖದಲ್ಲೇ ತಿಳಿಯಿತು. ಫೋನಿಟ್ಟು ನನ್ನನ್ನು ಕಂಡಳು.

‘ಬನ್ನಿ ಅಪ್ಪಾಜಿ. ಅಮ್ಮಾರ ಮಂಡಿ ಎಂಗದೆ? ಪ್ರವಚನ ಚೆನ್ನಾಗ್ ಬತ್ತದಾ?’

‘ಬತ್ತದೆ ಕಣವ್ವ.’

‘ಇನ್ನೊಂದ್ ಟಿವಿ?’

ತಲೆ ತಗ್ಗಿಸಿದೆ. ಆಕೆಗೆ ಮೊದಲಿಂದಲೂ ಗೊತ್ತಿತ್ತು. ‘ಅದೂ ಬತ್ತದೆ’ ಎಂದೆ. ಅಷ್ಟರಲ್ಲಿ ಮತ್ತೆ ಫೋನ್ ಬಂತು. ಆಕೆ ಎತ್ತಿಕೊಂಡಳು, ನಾನು ಬಸ್ಸಿನ ನೆಪ ಹೇಳಿ ಮೆಟ್ಟಿಲಿಳಿದೆ.

ಈಗ ಚಾಮರಾಜನಗರದ ಆಫೀಸಿಗೂ ಬರೆದಿದ್ದೇನೆ, ತಪ್ಪು ನನ್ನದೆಂದು. ಅದು ಕಾಗದ, ಕ್ಷಮೆಯಲ್ಲ. ಎದುರು ನಿಂತು ಕೇಳಬೇಕಾದ ಕ್ಷಮೆಯನ್ನು ನಾನು ಕೇಳದೇ ಉಳಿದದ್ದು ಬೇಗೂರಿನ ಕೂಲಿಕಾರರ ಮಗಳ ಬಳಿ, ಆ ಆಫೀಸಿನಲ್ಲಿ ಮೊದಲು ಫೀಲ್ಡಿಗಿಳಿದ ಹೆಣ್ಣುಮಗಳ ಬಳಿ.