ಮಲ್ಲಾರಿಯ ಹರಳು

ಯಮುನವ್ವ ಬಂದಾಗ ನಾನು ಆಫೀಸಿನಲ್ಲಿ ಚಹಾ ಕುಡಿಯುತ್ತಿದ್ದೆ. ಶಿರೋಳಿಯ ನಮ್ಮ ಫೌಂಡ್ರಿಗೆ ಆಕೆ ಎಂದೂ ಕಾಲಿಟ್ಟವಳಲ್ಲ. ಕೈಯಲ್ಲಿ ಒಂದು ಹಳೆಯ ಡಾಲ್ಡಾ ಡಬ್ಬಿ. ಅದನ್ನು ಮೇಜಿನ ಮೇಲಿಟ್ಟು, ಕೂಡ್ರೆಂದರೂ ಕೂಡ್ರದೆ, ಗೋಡೆಗೆ ಅಂಟಿಸಿದ ಕಾಗದದ ಕಡೆ ನೋಡಿದಳು.

"ಅದೇನ್ರಿ ನನ್ನ ಗಂಡನ ಹೆಸರ ಬರದದ್ದು?"

ಅಕೌಂಟು ಬರೆಯುವ ಹುಡುಗಿ, ಶಾಲನ, ಕಂಪ್ಯೂಟರಿನಿಂದ ತಲೆ ಎತ್ತಲೇ ಇಲ್ಲ.

"ಅದನ್ನ ತಗೀರಿ," ಅಂದಳು ಯಮುನವ್ವ. "ಅಂವ ಸತ್ತು ಹನ್ನೊಂದು ದಿನ ಆತು. ಊರಾಗ ಮಂದಿ ಕೇಳಾಕತ್ತಾರ, ನಿನ್ನ ಗಂಡ ಮಾಲಕನ ಕರೆಂಟ್ ತಿಂದನಂತ ಹೌದೇನ ಅಂತ. ಕರೆಂಟ್ ಹೆಂಗ ತಿಂತಾರ್ರಿ ಮಾಲಕ?"

ಅವಳ ಗಂಡ ಮಲ್ಲಾರಿ ನಮ್ಮ ಕರೆಂಟಿನ ಭಟ್ಟಿಯವನು. ಕಾಗಲ ತಾಲೂಕಿನ ಸುಳಕೂಡ ಅವನ ಊರು, ಕುರಿ ಕಾಯ್ದ ಮನೆತನ. ಹತ್ತೊಂಬತ್ತು ವರ್ಷ ನಮ್ಮಲ್ಲಿ ಕಬ್ಬಿಣ ಕರಗಿಸಿದ. ಅವನಿಗೆ ಓದು ಬರುತ್ತಿರಲಿಲ್ಲ. ನಾನಾದರೂ ಗಡಹಿಂಗ್ಲಜದ ಸಾಲೆಯಲ್ಲಿ ನಾಲ್ಕನೆಯ ತರಗತಿ ಮುಟ್ಟಿದ್ದೆ. ಶಾಖ ನೋಡುವ ಯಂತ್ರ ತಂದಮೇಲೂ ಅವನು ಮೊದಲು ಕಣ್ಣಿನಿಂದ ನೋಡಿ ಅಂಕಿ ಹೇಳುವನು, ಆಮೇಲೆ ಯಂತ್ರ ಅದನ್ನೇ ತೋರಿಸುವುದು. ಆದಿತ್ಯವಾರ ಭಟ್ಟಿಯ ಬಾಯಿಗೆ ದೇವರ ಭಂಡಾರದ ಚಿಟಿಕೆ ಅರಿಶಿನ ಹಾಕದೆ ಸ್ವಿಚ್ ಒತ್ತಿದವನಲ್ಲ. ನಾನು ದಿನಕ್ಕೆ ಹತ್ತು ಸಲ ಕೂಗುವ ಮನುಷ್ಯ. ಅವನು ಒಂದು ಸಲವೂ ಕೂಗಿದ್ದನ್ನು ನಾನು ಕೇಳಿಲ್ಲ.

ಆ ಗೋಡೆಯ ಕಾಗದದ ಕಥೆ ಇದು.

ಇಚಲಕರಂಜಿಯ ಬಸವಣ್ಣೆಪ್ಪ, ನನ್ನ ಹೆಂಡತಿಯ ಅಣ್ಣ, ಫೌಂಡ್ರಿಯಲ್ಲಿ ಅರ್ಧ ಪಾಲುದಾರ. ಬಟ್ಟೆ ವ್ಯಾಪಾರಿ. ಮಾರ್ಚಿ ಮುಗಿದ ಮೇಲೆ ಬಂದು ಕೇಳಿದ:

"ಒಂದ ತಿಂಗಳದಾಗ ಎಂಬತ್ತು ಲಕ್ಷದ ಮಾಲ ಮಾರೀರಿ, ಮೂರು ಲಕ್ಷ ಉಳದೈತಿ. ನಡಬರಕ ಏನಾತೋ ಸಿದ್ಧಲಿಂಗ? ಹಾಳಿ ತುಂಬ ಅಂಕಿ ತೋರಸಬ್ಯಾಡ, ನನಗ ಕಣ್ಣಿಗಿ ಕಾಣೂಹಂಗ ತೋರಸು."

ಶಾಲನ ಗಡಹಿಂಗ್ಲಜದವಳೇ, ಬಿಕಾಂ ಓದಿದವಳು. "ಜಲಪಾತದ ಚಿತ್ರ ಮಾಡೂಣ್ರಿ ಮಾಲಕ," ಅಂದಳು. ನಾನು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕುಳಿತು ನೋಡಿದೆ. ಎಡಕ್ಕೆ ನೆಲದಿಂದ ಎದ್ದ ಒಂದು ಎತ್ತರದ ಕಂಬ, ಮಾರಾಟ ಎಂಬತ್ತು. ಅದರ ತುದಿಯಿಂದ ಕೆಳಗೆ ಜೋತುಬಿದ್ದ ಎರಡನೆಯದು, ಕಚ್ಚಾ ಕಬ್ಬಿಣ ನಲವತ್ತೊಂದು. ಅದು ಎಲ್ಲಿಗೆ ಮುಗಿಯಿತೋ ಅಲ್ಲಿಂದ ಲೈಟ್ ಬಿಲ್ಲು ಹದಿಮೂರು. ಅದರ ಬುಡದಿಂದ ಅಚ್ಚು ಕಟ್ಟುವ ಉಸುಕು ಮತ್ತು ಅಂಟು ಏಳು, ಪಗಾರ ಹತ್ತು, ಸಾಗಾಟ ಎರಡು, ಬಡ್ಡಿ ಬಾಡಿಗೆ ನಾಲ್ಕು. ಕೊನೆಗೆ ಮತ್ತೆ ನೆಲದ ಮೇಲೆ ನಿಂತ ಗಿಡ್ಡ ಕಂಬ, ಲಾಭ ಮೂರು.

"ನಡುವಿನವು ಗಾಳ್ಯಾಗ ಹೆಂಗ ನಿಂತಾವ?" ಎಂದು ಕೇಳಿದೆ.

"ಗಾಳ್ಯಾಗ ಇಲ್ರಿ. ನಮ್ಮ ಕಂಪ್ಯೂಟರ್ ಹಳೇದು, ಇದರಾಗ ಈ ಚಿತ್ರ ತಾನಾಗಿ ಬರಂಗಿಲ್ಲ. ಅದಕ ಪ್ರತಿಯೊಂದರ ಕೆಳಗ ಇನ್ನೊಂದು ಕಂಬ ಇಟ್ಟೇನಿ. ಕಬ್ಬಿಣ ಹೋದ ಮ್ಯಾಲೆ ಮೂವತ್ತೊಂಬತ್ತು ಉಳೀತೈತಿ, ಅದಕ ಕಬ್ಬಿಣದ ಕೆಳಗ ಮೂವತ್ತೊಂಬತ್ತರ ಕಂಬ. ಲೈಟಿನ ಕೆಳಗ ಇಪ್ಪತ್ತಾರರದು. ಬಣ್ಣ ತಗದೇನಿ, ಕಾಣಂಗಿಲ್ಲ ಅಷ್ಟ." ಅವಳು ಖಾಲಿ ಜಾಗವನ್ನು ಮೌಸಿನಿಂದ ಒತ್ತಿದಳು. ಏನೂ ಇಲ್ಲದಲ್ಲಿ ಒಂದು ಕಂಬದ ಅಂಚು ಮಿನುಗಿ ಎದ್ದಿತು.

ನನ್ನ ಕಣ್ಣು ಲೈಟ್ ಬಿಲ್ಲಿನ ಮೇಲೆ ನಿಂತಿತು. ಹಿಂದಿನ ಮಾರ್ಚಿಯಲ್ಲಿ ಇಷ್ಟೇ ಮಾಲಿಗೆ ಹನ್ನೊಂದಿತ್ತು. ಉಸುಕಿನ ಕಂಬ ನೋಡಿ ಮಾತ್ರ ಎದೆ ಉಬ್ಬಿತು. ದೀಪಾವಳಿಗೆ ನಾನೇ ಅಗ್ಗದ ಉಸುಕಿನವನನ್ನು ಹುಡುಕಿದ್ದೆ, ತಿಂಗಳಿಗೆ ಒಂದು ಲಕ್ಷ ಉಳಿಸಿದ್ದೆ. ನಾನು ಉಳಿಸುತ್ತೇನೆ, ಭಟ್ಟಿಯವನು ಸುಡುತ್ತಾನೆ! ಕರಗಿದ ಕಬ್ಬಿಣವನ್ನು ಸುಮ್ಮನೆ ಕಾಯಿಸಿಕೊಂಡು ಕೂತಿರುತ್ತಾನೆ ಎಂದುಕೊಂಡೆ. ಚಿತ್ರ ಛಾಪಿಸಿ, ಹಾಜರಿ ಹಾಕುವ ಗೋಡೆಗೆ ಅಂಟಿಸಿ, ಲೈಟ್ ಬಿಲ್ಲಿನ ಕಂಬದ ಮೇಲೆ ಕೆಂಪು ಸ್ಕೆಚ್ ಪೆನ್ನಿನಿಂದ 'ಮಲ್ಲಾರಿ' ಎಂದು ಬರೆದೆ. ಅದರದೇ ಇನ್ನೊಂದು ಪ್ರತಿ ಆಫೀಸಿನ ಗೋಡೆಗೆ.

ಮಂದಿ ನಕ್ಕರು. ಮಲ್ಲಾರಿ ಬಂದು ನೋಡಿದ. ಅಚ್ಚು ಕಟ್ಟುವ ವೈಭವನನ್ನು ಕೇಳಿದ: "ಏನ ಬರದಾರೋ?"

"ನಿನ್ನ ಹೆಸರೋ ಮಾಮಾ. ಮಾಲಕ್ರು ನಿನಗ ಕಂಬ ಕಟ್ಟಿಸ್ಯಾರ."

ಅವನು ಚರ್ಮದ ಏಪ್ರನ್ ಹಾಕಿಕೊಂಡೇ ನನ್ನ ಬಳಿಗೆ ಬಂದ.

"ಮಾಲಕ, ಕರೆಂಟ್ ನಾ ಸುಟ್ಟಿಲ್ರಿ. ಉಸುಕು ಕೆಟ್ಟೈತಿ. ಎರಕ ಕೆಟ್ಟು ಮಾಲ ಭಟ್ಟಿಗಿ ಹೊಳ್ಳಿ ಬರಾಕತ್ತೈತಿ."

"ಎಷ್ಟು ಬಂದೈತಿ?"

"ಭಾಳ ಬಂದಾವ್ರಿ."

"ಭಾಳ ಅಂದ್ರ ಎಷ್ಟೋ? ಅಂಕಿ ಹೇಳ!"

ಅವನು ನೆಲ ನೋಡಿದ. "ಭಾಳ ಅದಾವ್ರಿ."

"ಅಂಕಿ ಬಾಯಾಗ ಬರಂಗಿಲ್ಲ, ತಪ್ಪು ಮಾತ್ರ ನನ್ನ ಉಸುಕಿನ ಮ್ಯಾಲೆ ಹಾಕ್ತಿ! ಚಲ, ನಿಘ! ನಡಿ ಹೊರಗ!"

ಏಪ್ರನ್ನು ಮಡಚಿ ನನ್ನ ಮೇಜಿನ ಮೇಲಿಟ್ಟು ಹೋದ. ಮರುದಿನವೂ ಬರಲಿಲ್ಲ. ಮೂರನೆಯ ವಾರ ಸುಳಕೂಡದಿಂದ ಫೋನು ಬಂತು. ಕಬ್ಬಿಗೆ ನೀರು ಹಾಯಿಸುತ್ತ ಬದುವಿನ ಮೇಲೆ ಕುಳಿತವನು ಏಳಲಿಲ್ಲವಂತೆ.

ಅಂದಿನಿಂದ ಆಫೀಸಿನ ಆ ಕಾಗದವನ್ನು ತೆಗೆಯಲು ನನ್ನ ಕೈ ಏಳಲಿಲ್ಲ, ನೋಡಲೂ ಆಗಲಿಲ್ಲ. ಹಾಜರಿ ಗೋಡೆಯದನ್ನು ಯಾರೋ ಹರಿದಿದ್ದರು. ಯಾರೆಂದು ನಾನು ಕೇಳಲಿಲ್ಲ.

ಈಗ ಯಮುನವ್ವ ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ಹರಕು ಧೋತರದ ಚೂರುಗಳಲ್ಲಿ ಕಟ್ಟಿದ ಗಂಟುಗಳು, ಒಂಬತ್ತು. ಒಂದನ್ನು ಬಿಚ್ಚಿದಳು. ಬರೀ ಹರಳು, ಹೊಳೆದಂಡೆಯ ಸಣ್ಣ ಹರಳು.

"ಭಟ್ಟಿಗಿ ಕೆಟ್ಟ ಮಾಲಿನ ಒಂದು ಗಾಡಿ ಹೊಳ್ಳಿ ಬಂದ್ರ ಒಂದು ಹರಳು ಕಿಸೇದಾಗ ಹಾಕ್ಕೊಂಡು ಬರತಿದ್ದ. ಅಮಾಸಿಗಿ ಅಮಾಸಿಗಿ ಗಂಟು ಕಟ್ಟತಿದ್ದ. ಹೋಗೂಕಿಂತ ಮುಂಚೆ ಹೇಳಿದ್ದ, ಮಾಲಕ್ರು ಎಷ್ಟು ಅಂತ ಕೇಳಿದ್ರು, ಕೊಡು ಅಂತ."

"ಮತ್ತ ಬಾಯಿಲೆ ಯಾಕ ಹೇಳಲಿಲ್ಲವ್ವಾ?"

"ಕುರಿ ಹಿಂಡಿನ ಮಂದಿ ಹೇಳಂಗಿಲ್ರಿ. ಎಷ್ಟು ಕಳದಾವ ಅಂತ ಬಾಯಿಲೆ ಅಂದ್ರ ಇನ್ನಷ್ಟು ಕಳೀತಾವ. ಅವರಪ್ಪ ಹರಳು ಇಡತಿದ್ದ, ಇಂವನೂ ಇಟ್ಟ. ನಿಮ್ಮ ಮಾಲ ಕಳೀಬಾರದು ಅಂತ ಅಂವ ಬಾಯಿ ಬಿಡಲಿಲ್ರಿ."

ಅಷ್ಟರಲ್ಲಿ ಶೆಡ್ಡಿನಲ್ಲಿ ಅಚ್ಚು ಕೊಡವುವ ಯಂತ್ರ ಶುರುವಾಯಿತು. ನೆಲ ನಡುಗಿತು. ಮೇಜಿನ ಮೇಲಿನ ಡಬ್ಬಿ ಯಾರೂ ಮುಟ್ಟದೆ ಗಲಗಲ ಎಂದಿತು. ಶಾಲನ ತನ್ನ ಕೈ ಹಿಂದಕ್ಕೆ ಎಳೆದುಕೊಂಡಳು.

ಯಮುನವ್ವ ಹೋದಮೇಲೆ ನಾನು ಮತ್ತು ಶಾಲನ ಗಂಟು ಬಿಚ್ಚಿ ಎಣಿಸಿದೆವು. ಮೊದಲ ನಾಲ್ಕರಲ್ಲಿ ಇಪ್ಪತ್ತು, ಹದಿನೆಂಟು, ಇಪ್ಪತ್ತೆರಡು, ಹತ್ತೊಂಬತ್ತು. ನಾಲ್ಕನೆಯದು ದೀಪಾವಳಿ ಅಮಾಸಿಯದು. ಐದನೆಯದರಲ್ಲಿ ನಲವತ್ತೊಂದು. ಆಮೇಲೆ ಐವತ್ತೆಂಟು, ಅರವತ್ತಾರು, ಅರವತ್ತೊಂಬತ್ತು. ಮಾರ್ಚಿಯ ಗಂಟಿನಲ್ಲಿ ಎಪ್ಪತ್ತು.

ಐದನೆಯ ಗಂಟು ನನ್ನ ಅಂಗೈಯಲ್ಲಿತ್ತು. ದೀಪಾವಳಿ ಪಾಡ್ಯದ ದಿನ ಹೊಸ ಉಸುಕಿನ ಮೊದಲ ಟ್ರಕ್ಕಿಗೆ ನಾನೇ ತೆಂಗಿನಕಾಯಿ ಒಡೆದಿದ್ದೆ. ಆ ಉಸುಕಿನಲ್ಲಿ ಮಣ್ಣು ಹೆಚ್ಚು. ಅಚ್ಚಿನಿಂದ ಗಾಳಿ ಹೊರಹೋಗದೆ ಕಬ್ಬಿಣದಲ್ಲಿ ತೂತು ಬೀಳುತ್ತದೆ. ಕೆಟ್ಟ ಮಾಲು ಅಂದೇ ಭಟ್ಟಿಗೆ ಬಿದ್ದು ಕರಗುತ್ತಿತ್ತು, ಕಬ್ಬಿಣ ಹಾಗೇ ಉಳಿಯುತ್ತಿತ್ತು. ಹಾಗಾಗಿ ನಮ್ಮ ಕಾಗದಗಳ ಪಾಲಿಗೆ ಆ ಮಾಲು ಹುಟ್ಟಿಯೇ ಇರಲಿಲ್ಲ.

"ಒಂದು ಗಾಡಿ ಎರಡು ಕ್ವಿಂಟಲ್," ಎಂದಳು ಶಾಲನ. "ಎಪ್ಪತ್ತು ಗಾಡಿ ಅಂದ್ರ ಹದಿನಾಲ್ಕು ಟನ್. ನಾವು ಮಾರಿದ್ದು ಎಂಬತ್ನಾಲ್ಕು ಟನ್. ಎರಡೂ ಕೂಡಿ ತೊಂಬತ್ತೆಂಟು ಟನ್ ಎರಕ ಹೊಯ್ದೇವಿ. ಏಳರಾಗ ಒಂದು ಪಾಲು ಹಾಳ್ರಿ ಮಾಲಕ."

"ಕಬ್ಬಿಣ ಹೊಳ್ಳಿ ಬಂತಲ್ಲ."

"ಕಬ್ಬಿಣ ಬಂತು. ಅದನ್ನ ಕರಗಿಸಿದ ಕರೆಂಟ್ ಬರತೈತೇನ್ರಿ? ಅಚ್ಚಿನ ಉಸುಕು, ಅಂಟು? ಮಂದಿ ದುಡದ ತಾಸು?"

ಅವಳು ಹೊಸದಾಗಿ ಕಟ್ಟತೊಡಗಿದಳು. ಲೈಟು, ಉಸುಕು, ಪಗಾರ ಈ ಮೂರೂ ಕೂಡಿ ಮೂವತ್ತು ಲಕ್ಷ. ಒಂದೊಂದರಿಂದಲೂ ಏಳನೆಯ ಒಂದು ಪಾಲು ತೆಗೆದು, "ಅಂದಾಜ್ರಿ ಇದು, ಅಮಾಸಿ ಗಂಟು ನಮ್ಮ ತಿಂಗಳಕಿಂತ ಎರಡು ದಿನ ಹಿಂದ ಮುಂದ ಇರತೈತಿ," ಎನ್ನುತ್ತ, ಬೇರೆ ಕಂಬ ಮಾಡಿದಳು. ನಾಲ್ಕು ಲಕ್ಷ ಇಪ್ಪತ್ತೊಂಬತ್ತು ಸಾವಿರ. ಲೈಟ್ ಬಿಲ್ಲು ಹದಿಮೂರರಿಂದ ಹನ್ನೊಂದರ ಹತ್ತಿರ ಇಳಿಯಿತು. ಕೊನೆಯ ಲಾಭದ ಕಂಬ ಮಾತ್ರ ಅಲ್ಲಾಡಲಿಲ್ಲ, ಮೂರಕ್ಕೆ ಮೂರು. ಅದು ಅಲ್ಲಾಡಿದ್ದರೆ ಲೆಕ್ಕ ತಪ್ಪು, ಎಂದಳು. ಮೊದಲಿನಿಂದಲೂ ಬರುತ್ತಿದ್ದ ಇಪ್ಪತ್ತು ಗಾಡಿಗಳ ಖರ್ಚು ಕಳೆದರೂ, ಒಂದು ಲಕ್ಷ ಉಳಿಸಲು ಹೋಗಿ ನಾನು ಮೂರು ಲಕ್ಷ ಹೆಚ್ಚಿಗೆ ಭಟ್ಟಿಗೆ ಸುರಿದಿದ್ದೆ.

"ಈ ಕಂಬಕ್ಕ ಏನ ಹೆಸರ ಹಾಕ್ಲ್ರಿ?"

ನಾನು ಹಳೆಯ ಕಾಗದ ಇಳಿಸಿದೆ. ಕೆಂಪು ಶಾಯಿ ಹಾಳಿ ದಾಟಿ ಗೋಡೆಯ ಸುಣ್ಣಕ್ಕೂ ಇಳಿದಿತ್ತು. ಹಾಳಿ ಕೈಗೆ ಬಂದರೂ ಹೆಸರು ಗೋಡೆಯ ಮೇಲೇ ಉಳಿಯಿತು. ಒದ್ದೆ ಅರಿವೆಯಿಂದ ಒರೆಸಿದೆ. ಇನ್ನಷ್ಟು ಹರಡಿತು.

ಆದಿತ್ಯವಾರ ಬಸವಣ್ಣೆಪ್ಪ ಬಂದ. ಹೊಸ ಚಿತ್ರದ ಮುಂದೆ ಕನ್ನಡಕ ಏರಿಸಿ ನಿಂತ.

"ಇದೊಂದು ಹೊಸಾದು ಬಂದೈತಲ್ಲ. 'ಸಿದ್ಧಲಿಂಗನ ಉಸುಕು.' ಏನಿದು?"

"ನಂದ ಭಾವ. ಉಸುಕು ನಾ ಬದಲಿ ಮಾಡಿದ್ದು. ಮಲ್ಲಾರಿ ಹೇಳಾಕ ಬಂದಿದ್ದ, ನಾ ಹೊರಗ ಹಾಕಿದೆ."

ಅವನು ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. "ಉಸುಕು ನಾಳೇನ ಬದಲಿ ಮಾಡು," ಎಂದಷ್ಟೇ ಹೇಳಿ, ಭಟ್ಟಿಯ ಕಡೆ ನೋಡಿ ಚಪ್ಪಲಿ ಬಿಟ್ಟು ಕೈಮುಗಿದ.

ಅದರ ಇನ್ನೊಂದು ಪ್ರತಿ ತೆಗೆದುಕೊಂಡು ಸುಳಕೂಡಕ್ಕೆ ಹೋದೆ. ಯಮುನವ್ವ ಅಂಗಳದಲ್ಲಿ ಕಾಗದ ಹರವಿಕೊಂಡು ಕುಳಿತಳು.

"ಯಾವದ್ರಿ ಅಂವಂದು?"

"ಇದು ಕರೆಂಟಿಂದು. ಸಣ್ಣದಾತು ನೋಡವ್ವ. ಇದರ ಮ್ಯಾಲೆ ಅಂವನ ಹೆಸರಿಲ್ಲ. ತಪ್ಪಿನ ಕಂಬ ನಂದು, ನನ್ನ ಹೆಸರು ಹಾಕೇನಿ. ಹಾಜರಿ ಗ್ವಾಡಿಗೂ ಹಚ್ಚೇನಿ, ಮಂದಿಗಿ ಓದಿ ಹೇಳೇನಿ."

ಅವಳ ಬೆರಳು ಕಂಬ ಬಿಟ್ಟು ಅದರ ಕೆಳಗಿನ ಬಿಳಿ ಜಾಗಕ್ಕೆ ಹೋಯಿತು. "ಇಲ್ಲೇನೂ ಬರದಿಲ್ಲಲ್ಲ?"

"ಅಲ್ಲೊಂದು ಐತಿ. ಕಾಣಂಗಿಲ್ಲ. ಮ್ಯಾಲಿಂದನ್ನ ಹೊತ್ತಿರತೈತಿ."

ಅವಳು ಆ ಬಿಳಿ ಜಾಗವನ್ನು ಬೆರಳಿನಿಂದ ಸವರಿದಳು. ಆಮೇಲೆ ಕಾಗದ ಮಡಚಿ ಸೆರಗಿನಲ್ಲಿ ಕಟ್ಟಿಕೊಂಡಳು. ಡಬ್ಬಿ ಕೊಡಹೋದರೆ ಬೇಡವೆಂದಳು. "ನೀವ ಇಟ್ಟಕೋರಿ. ಕೇಳಿದವರು ನೀವು."

ಡಬ್ಬಿ ನನ್ನ ಮೇಜಿನ ಮೇಲಿದೆ. ಉಸುಕು ಬದಲಾಯಿತು, ಹೊಳ್ಳಿ ಬರುವ ಗಾಡಿಗಳು ತಿಂಗಳಿಗೆ ಇಪ್ಪತ್ತಕ್ಕೆ ಇಳಿದವು. ದಿನವೂ ಹತ್ತು ಗಂಟೆಗೆ ಯಂತ್ರ ಶುರುವಾದರೆ ಡಬ್ಬಿ ಗಲಗಲ ಎನ್ನುತ್ತದೆ. ಅಡಿಗೆ ರಬ್ಬರು ಹಾಕಿ ನೋಡಿದೆ, ನಿಲ್ಲಲಿಲ್ಲ. ಶಾಲನ ತನ್ನ ಮೇಜನ್ನು ದೂರದ ಮೂಲೆಗೆ ಸರಿಸಿಕೊಂಡಿದ್ದಾಳೆ. ಸಂಜೆ ಭಟ್ಟಿಯ ಹತ್ತಿರ ನಾನೇ ನಿಂತು ಹೊಳ್ಳಿ ಬಂದ ಗಾಡಿ ಎಣಿಸುತ್ತೇನೆ, ಗಾಡಿಗೊಂದು ಹರಳು ಕಿಸೆಗೆ ಹಾಕಿಕೊಳ್ಳುತ್ತೇನೆ.

"ಇವತ್ತು ಎಷ್ಟ್ರಿ ಮಾಲಕ?" ಎಂದು ಶಾಲನ ಕೇಳುತ್ತಾಳೆ.

ಚೀಟಿಯಲ್ಲಿ ಬರೆದು ಕೊಡುತ್ತೇನೆ. ಬಾಯಿಯಿಂದ ಹೇಳುವುದಿಲ್ಲ.