ಒಣ ಡಬ್ಬಿಯಲ್ಲಿ ನೀರು

ಕೊಪ್ಪಳದ ಕ್ರೀಡಾಂಗಣದಲ್ಲಿ ಅಂದು ಬೆಳಿಗ್ಗೆ ಕಬಡ್ಡಿ, ಸಂಜೆ ಸಂಗೀತ. ಎರಡರ ನಡುವೆ ಕಸವನ್ನೆಲ್ಲ ಸಾಗಿಸಿ ಮೈದಾನ ಚೊಕ್ಕ ಮಾಡುವ ಜವಾಬ್ದಾರಿ ನನ್ನದು. ನೀರಿನ ಕೌಂಟರ್ ಪಕ್ಕ ಹಸಿ ಕಸಕ್ಕೊಂದು, ಒಣ ಕಸಕ್ಕೊಂದು ಡಬ್ಬಿ ಇಟ್ಟು, ಕುಡಿದ ಸ್ಟೀಲ್ ಲೋಟಗಳಿಗೆ ಬೇರೆ ಬುಟ್ಟಿ ಇಟ್ಟಿದ್ದೆವು. ಆ ಲೋಟಗಳನ್ನು ತೊಳೆದು ಮತ್ತೆ ಕೊಡುವ ಏರ್ಪಾಡು.

ಪಂದ್ಯ ಮುಗಿದ ಮೇಲೆ ಒಣ ಡಬ್ಬಿ ಎತ್ತಿದರೆ ತಳದಲ್ಲಿ ನೀರು! ರಟ್ಟು, ಕಾಗದವೆಲ್ಲ ಮುದ್ದೆ. ಒದ್ದೆ ರಟ್ಟನ್ನು ಗುಜರಿಯವನು ಮುಟ್ಟುವುದಿಲ್ಲ. ನನಗೆ ಮೈಯೆಲ್ಲ ಉರಿಯಿತು. ಲೋಟ ತೊಳೆಯುವ ಅಕ್ಕನೇ ಗಟಾರದವರೆಗೆ ನಡೆಯಲು ಬೇಸತ್ತು ಇದರಲ್ಲಿ ಸುರಿದಿರಬೇಕು ಅನ್ನಿಸಿತು. ಅವಳ ಮೇಲೆ ಭರವಸೆ ಹೋಗಿ, ಸಂಜೆಗೆ ತೊಳೆದ ಲೋಟಗಳನ್ನು ನಾನೇ ಹೊತ್ತು ತಂದು ಕೌಂಟರಿನಲ್ಲಿಟ್ಟು, ಕಂಬದ ಮರೆಯಲ್ಲಿ ಕಾವಲು ನಿಂತೆ.

ಅಕ್ಕ ಅತ್ತ ಸುಳಿಯಲೇ ಇಲ್ಲ. ನೀರು ಕುಡಿಯಲು ಬಂದವರೇ ಒಬ್ಬೊಬ್ಬರಾಗಿ, ತೊಳೆದ ಲೋಟಕ್ಕೆ ಗುಟುಕು ನೀರು ಹಿಡಿದು, ಕುಲುಕಿ, ಒಣ ಡಬ್ಬಿಗೆ ಚೆಲ್ಲಿ, ಆಮೇಲೆ ಕುಡಿಯುತ್ತಿದ್ದರು.

ಅಕ್ಕನನ್ನು ಕರೆದು ತೋರಿಸಿದೆ. "ನೋಡಕ್ಕ, ನೀ ತೊಳದದ್ದನ್ನ ಯಾರೂ ನಂಬವಲ್ರು."

ಅವಳು ಒಂದು ಲೋಟ ತೆಗೆದುಕೊಂಡಳು. ನೀರು ಹಿಡಿದು, ಕುಲುಕಿ, ನನ್ನೆದುರೇ ಒಣ ಡಬ್ಬಿಗೆ ಚೆಲ್ಲಿದಳು.

"ಅಯ್ಯ, ನೀನೂ ಹಿಂಗ ಮಾಡ್ತಿಯಲ್ಲ! ತೊಳದಾಕಿ ನೀನ ಅಲ್ಲೇನು?"

"ತೊಳದಾಕಿ ನಾನ ಖರೇರಿ," ಎಂದಳು. "ಇಲ್ಲಿ ತಂದಿಟ್ಟವ್ರು ನೀವಲ್ಲೇನ್ರಿ?"