ನೂರಾ ಎರಡರ ಫೋಟೋ

ಆಗ ನಾನು ವಿಶಾಖಪಟ್ಟಣದಲ್ಲಿ, ಮಗಳು ವಿಜಯವಾಡದಲ್ಲಿ ಏಳು ತಿಂಗಳ ಬಸುರಿ. ರಕ್ತ ಪರೀಕ್ಷೆ ಮಾಡಿಸಿದೆವೆಂದು ಫೋನಿನಲ್ಲಿ ಹೇಳಿದಳು. ಬಾಯಿಮಾತು ಬೇಡ, ಕಾಗದ ತೋರಿಸಿ ಎಂದೆ. ಚೀಟಿ ಆಸ್ಪತ್ರೆಯ ಫೈಲಿನಲ್ಲಿತ್ತು. ಅಳಿಯನದು ಫೋಟೋ ಸ್ಟುಡಿಯೋ. ಆಸ್ಪತ್ರೆಯಲ್ಲೇ ಅದರ ಫೋಟೋ ಹಿಡಿದು, ಸ್ಟುಡಿಯೋದಲ್ಲಿ ದೊಡ್ಡದು ಮಾಡಿ, ಅಂಚೆಗೆ ಹಾಕಿದ.

ನನಗೆ ಇಂಗ್ಲಿಷ್ ಬಾರದು. ಅಂಕಿ ಬರುತ್ತದೆ, ಬಸ್ ನಂಬರು ನೋಡಿ ಕಲಿತದ್ದು. ಕೆಳಮನೆಯಲ್ಲಿ ಬ್ಯಾಂಕ್ ಆಫೀಸರರ ಹೆಂಡತಿ, ಧಾರವಾಡದ ಕಡೆಯವಳು. ಅವಳೇ ಓದಿದಳು.

"ಹಿಮೋಗ್ಲೋಬಿನ್ ಅಂತ ಬರದಾರ್ರೀ. ನೂರಾ ಎರಡು. ಬಾಜೂಕ ಹೆಂಗಸರಿಗೆ ಹನ್ನೆರಡರಿಂದ ಹದಿನೈದು ಅಂತ ಐತಿ."

"ಹದಿನೈದೆಲ್ಲಿ, ನೂರಾ ಎರಡೆಲ್ಲಿ!"

"ನನ್ನ ಮ್ಯಾಲ ಯಾಕ ಹಾರತೀರಿ? ಇದ್ದದ್ದು ಓದಿದೆ."

ಅವತ್ತು ಅನ್ನ ಸೀದಿತು. ಎದ್ದೆ, ಕೂತೆ, ಮತ್ತೆ ಎದ್ದೆ. ಹೊಟ್ಟೆಯಲ್ಲಿರುವ ಕೂಸು ಏನಾದೀತು ಎಂಬುದೊಂದೇ. ತಡೆಯಲಾರದೆ ಮಾರನೆಯ ಬೆಳಿಗ್ಗೆ ಫೋಟೋ ಹಿಡಿದು ದ್ವಾರಕಾ ನಗರದ ಒಂದು ಲ್ಯಾಬಿಗೆ ಹೋದೆ.

ಅಲ್ಲಿನವನು ಕನ್ನಡಕ ಏರಿಸಿದ. "ಸಕ್ಕರೆ ಎಂಬತ್ನಾಲ್ಕು. ಉಪವಾಸದ್ದು ಎಪ್ಪತ್ತರಿಂದ ನೂರಾ ಹತ್ತು ಅಂತಿದೆ, ಅದರೊಳಗೇ ಇದೆ ಅಮ್ಮಾ. ಹಿಮೋಗ್ಲೋಬಿನ್ ನೂರಾ ಎರಡು ಗ್ರಾಂ ಯಾರಿಗೂ ಇರೋದಿಲ್ಲ." ಫೋಟೋವನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದ. ಸೊನ್ನೆಗೂ ಎರಡಕ್ಕೂ ನಡುವೆ ಹೊಳಪು ಹೋಗಿತ್ತು. "ಇಲ್ಲಿ ಯಾರೋ ಬ್ಲೇಡಿನಿಂದ ಕೆರೆದಿದ್ದಾರೆ. ಪಾಯಿಂಟು ಇತ್ತೇನೋ. ಊಹೆ ಮೇಲೆ ಹೇಳಲ್ಲ, ಚೀಟಿ ನೋಡೋಕೆ ಹೇಳಿ."

ಪಕ್ಕದ ಎಸ್‌ಟಿಡಿ ಬೂತಿನಿಂದ ಸ್ಟುಡಿಯೋಗೆ ಫೋನು ಮಾಡಿದೆ.

"ಕಪ್ಪು ಚುಕ್ಕೆಗಳು ಬಿದ್ದಿದ್ದವು ಅತ್ತಯ್ಯಾ, ಕ್ಲೀನ್ ಮಾಡಿದೆ," ಎಂದ ಅಳಿಯ.

"ಮದುಮಗಳ ಮುಖ ಏನಪ್ಪಾ ಅದು, ಮೊಡವೆ ತೆಗೆಯೋಕೆ? ಈಗಲೇ ಆಸ್ಪತ್ರೆಗೆ ಹೋಗಿ ಚೀಟಿ ನೋಡು!"

ಒಂದು ಗಂಟೆ ಆ ಬೂತಿನ ಮುಂದೆ ಅಡ್ಡಾಡಿದೆ. ಮತ್ತೆ ಫೋನು ಮಾಡಿದಾಗ ಹೇಳಿದ: ಹತ್ತು ಪಾಯಿಂಟ್ ಎರಡು.

ಲ್ಯಾಬಿನವನಿಗೆ ಬಂದು ಹೇಳಿದೆ. "ಹನ್ನೆರಡಕ್ಕಿಂತ ಕಡಿಮೆ," ಎಂದ.

"ರೋಗವೋ ಅಲ್ಲವೋ?"

"ಅದು ನಾನು ಹೇಳೋ ಮಾತಲ್ಲಮ್ಮಾ. ಬಸುರಿಯರಿಗೆ ಅಂತ ಇದರಲ್ಲಿ ಬೇರೆ ಸಾಲೂ ಅಚ್ಚಾಗಿಲ್ಲ. ಅವಳನ್ನು ನೋಡುವ ಡಾಕ್ಟರನ್ನೇ ಕೇಳಿ."

ನೂರಾ ಎರಡು ಹೋಯಿತೆಂದು ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ಆಗ ಹೆಚ್ಚೆಂದು ಹೆದರಿದ್ದೆ, ಈಗ ಕಡಿಮೆಯೆಂದು. ಮರುದಿನವೇ ರೈಲು ಹತ್ತಿದೆ. ಮಗಳ ಜೊತೆ ಡಾಕ್ಟರಮ್ಮನ ಮುಂದೆ ಕೂತು, ಮೊದಲು ಫೈಲು ತೆಗೆಸಿದೆ. ಸೊನ್ನೆಗೂ ಎರಡಕ್ಕೂ ನಡುವೆ ಬೆರಳಿಟ್ಟು ನೋಡಿದೆ. ಚುಕ್ಕೆ ಇತ್ತು. ಆಮೇಲೆ ಕೇಳಿದೆ, ರೋಗವೋ ಅಲ್ಲವೋ ಎಂದು.